ಏಪ್ರಿಲ್‌ನಲ್ಲಿ ಸಂಬಳ ಕೊಡೋರು ಯಾರು?

ಏಳು ವರ್ಷ ಕೋಡ್ ಬರೆದು ಸಾಕಾಗಿತ್ತು. ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಯಿಂದ ‘ಟೆಕ್ ಲೀಡ್’ ಹುದ್ದೆಗೆ ಕರೆ ಬಂತು. ಕೈಗೆ ಬರೋದು 65 ಸಾವಿರ, ಅಂದ್ರೆ ಈಗಿನದರ ಅರ್ಧ. ಅಮ್ಮನಿಗೆ ಹೇಳಿದೆ. "ಅರ್ಧ ಆದ್ರೂ ಪರವಾಗಿಲ್ಲ ಕಣೋ, ಅದು ಪ್ರತಿ ತಿಂಗಳು ಬರುತ್ತಾ?" ಅಂದ್ರು. ಮನೆ ಸಾಲದ ಕಂತು 28 ಸಾವಿರ. ಪ್ರಶ್ನೆ ಸರಿಯಾಗೇ ಇತ್ತು.

ಸಂಸ್ಥೆಯ ವೆಬ್‌ಸೈಟ್‌ನಲ್ಲಿದ್ದ ಆಡಿಟ್ ವರದಿ ತೆಗೆದು ಕೂತೆ. ವರ್ಷದ ಆದಾಯ 3.7 ಕೋಟಿ. ಅದರಲ್ಲಿ 2.6 ಕೋಟಿ ಒಂದೇ ಕಂಪನಿಯ ಸಿಎಸ್‌ಆರ್ ಹಣ. ಖರ್ಚು 3.6 ಕೋಟಿ, ಅಂದ್ರೆ ತಿಂಗಳಿಗೆ 30 ಲಕ್ಷ. ಯಾವ ಯೋಜನೆಗೂ ಕಟ್ಟುಬೀಳದ ಉಳಿತಾಯ ಬರೀ 45 ಲಕ್ಷ. ಆ ಕಂಪನಿ ಕೈಬಿಟ್ಟರೆ ಉಳಿತಾಯ ಹೆಚ್ಚು ದಿನ ಬಾಳಲ್ಲ.

ಸಿಎಸ್‌ಆರ್ ಹಣದ ಸ್ವಭಾವವೂ ಹಾಗೇ. ನಿಯಮದ ಪ್ರಕಾರ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟು ಖರ್ಚು ಮಾಡಬೇಕು, ಆದ್ರೆ ಇದೇ ಸಂಸ್ಥೆಗೆ ಕೊಡಬೇಕು ಅಂತೇನಿಲ್ಲ. ಒಪ್ಪಂದ ಸಾಮಾನ್ಯವಾಗಿ ಮಾರ್ಚ್‌ಗೆ ಮುಗಿಯುತ್ತೆ.

ಎರಡನೇ ಸುತ್ತಿನ ಮಾತುಕತೆಯಲ್ಲಿ ನಿರ್ದೇಶಕಿಯವರನ್ನೇ ಕೇಳಿದೆ: "ಮೇಡಂ, ನನ್ನ ಸಂಬಳ ಯಾವ ಬಜೆಟ್‌ನಿಂದ ಬರುತ್ತೆ?" ಅವರು ಮುಚ್ಚುಮರೆ ಮಾಡ್ಲಿಲ್ಲ. ಅದೇ ಕಂಪನಿಯ ಯೋಜನೆಯಿಂದ. ಅದಕ್ಕಿದು ಕೊನೆಯ ವರ್ಷ. ಮುಂದುವರಿಸುವ ಮಾತು ಇನ್ನೂ ನಡೀತಿದೆ. "ಮೊದಲ ದಿನ ಏನು ಕೆಲಸ?" ಅಂದೆ. ಶಿಕ್ಷಕರ ಆ್ಯಪ್, ದಾನಿಗಳಿಗೆ ತಿಂಗಳ ವರದಿ, ಆಫೀಸಿನ ಲ್ಯಾಪ್‌ಟಾಪ್‌ಗಳು, ಎಲ್ಲಾ ಒಬ್ಬನೇ. ಲೀಡ್ ಹೌದು, ಆದ್ರೆ ನಡೆಸೋಕೆ ಹಿಂದೆ ಯಾರೂ ಇಲ್ಲ.

ಅದೇ ಹುದ್ದೆಯಲ್ಲಿ ಮುಂಚೆ ಇದ್ದವರಿಗೆ ಫೋನ್ ಮಾಡಿದೆ. ಮೂರು ವರ್ಷದಲ್ಲಿ ಸಂಬಳ ಒಂದೇ ಸಲ ಏರಿತ್ತಂತೆ. ಮೇಲೆ ಹೋಗೋಕೆ ಇದ್ದದ್ದು ನಿರ್ದೇಶಕಿಯವರ ಕುರ್ಚಿ ಮಾತ್ರ. ಆದ್ರೂ "ಕೆಲಸ ಕಲಿತೆ, ಬೇಜಾರಿಲ್ಲ" ಅಂದ್ರು.

ನಾನು ಸೇರಲಿಲ್ಲ. ಐದು ತಿಂಗಳ ನಂತರ ಇನ್ನೊಂದು ಕಡೆ ಸೇರಿದೆ. ಅಲ್ಲಿ ಕೊಡೋದು 60 ಸಾವಿರ, ಇನ್ನೂ ಕಡಿಮೆ! ಆದ್ರೆ ದಾನಿಗಳು ಆರು ಜನ, ಯಾರದ್ದೂ ಕಾಲು ಭಾಗ ದಾಟಲ್ಲ. ಉಳಿತಾಯ ಎಂಟು ತಿಂಗಳಿಗೆ ಸಾಕು. ನನ್ನ ಹುದ್ದೆ ಯೋಜನೆಗೆ ಸೇರಿದ್ದಲ್ಲ, ಸಂಸ್ಥೆಯದ್ದೇ. ಕೈಕೆಳಗೆ ಇಬ್ಬರಿದ್ದಾರೆ.

ಕಂತು ಕಳೆದರೆ ಉಳಿಯೋದು 32 ಸಾವಿರ. ಕಾರು ಮಾರಿದೆ, ಬಾಡಿಗೆ ಮನೆ ಬದಲಿಸಿದೆ. ಮೊನ್ನೆ ಏಪ್ರಿಲ್ ಸಂಬಳ ಬಂದ ಮೆಸೇಜನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಸರಿ, ಇನ್ನು ಮೇ ನೋಡೋಣ" ಅಂದ್ರು.