ಒಂದೇ ಔಷಧ, ಎರಡು ಮಾತ್ರೆ

ಮೂತ್ರದ ತೊಂದರೆಯನ್ನು ಪುರುಷರು ಹೇಗಾದರೂ ವೈದ್ಯರ ಮುಂದೆ ಹೇಳಿಯಾರು. ದಾಂಪತ್ಯಸುಖಕ್ಕೆ ಸಂಬಂಧಪಟ್ಟುದನ್ನು ಮಾತ್ರ ನುಂಗಿಕೊಂಡು ಮನೆಗೆ ಹಿಂದಿರುಗುವರು. ಇಂತಹ ವಿಷಯವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂದು ಕೆಲವರು ಶಂಕಿಸಬಹುದು. ಗೃಹಸ್ಥರಿಗೆ ಬರೆಯದೆ ಸಂನ್ಯಾಸಿಗಳಿಗೆ ಬರೆಯೋಣವೇ?

ನಮಗೆ ಅರುವತ್ತು ಸಮೀಪಿಸುತ್ತಿದ್ದಂತೆ ರಾತ್ರಿ ನಾಲ್ಕೈದು ಬಾರಿ ಏಳುವುದು ವಾಡಿಕೆಯಾಯಿತು. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಎಂಬ ಗ್ರಂಥಿ ದೊಡ್ಡದಾಗಿದೆಯೆಂದು ವೈದ್ಯರು ಹೇಳಿದರು. ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ವಾತಾಷ್ಠೀಲಾ ಎಂಬ ಮೂತ್ರರೋಧದ ಹೆಸರುಂಟು. ಅಷ್ಠೀಲಾ ಎಂದರೆ ದುಂಡುಗಲ್ಲು. ಹೆಸರಿಟ್ಟವರು ಕೈಯಿಂದ ಮುಟ್ಟಿಯೇ ಇಟ್ಟಿರಬೇಕು. ವೈದ್ಯರು ನಮಗೆ ೫ ಮಿಲಿಗ್ರಾಮಿನ ಫಿನಾಸ್ಟರೈಡ್ ಮಾತ್ರೆಯನ್ನು ದಿನಕ್ಕೊಂದರಂತೆ ಬರೆದುಕೊಟ್ಟರು.

ಹಬ್ಬಕ್ಕೆಂದು ಬಂದಿದ್ದ ನಮ್ಮ ಸೋದರಳಿಯನು ಆ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ ನೋಡಿ, “ಮಾವ, ಇದು ನಾನು ಕೂದಲಿಗೆ ತೆಗೆದುಕೊಳ್ಳುವ ಔಷಧವಲ್ಲವೇ?” ಎಂದನು. ಅದೇ ಹೌದು. ಅವನದು ೧ ಮಿಲಿಗ್ರಾಮಿನದು, ಅಷ್ಟೇ ಭೇದ. ಅವನಿಗೆ ಇಪ್ಪತ್ತೇಳು ವರ್ಷ, ನೆತ್ತಿ ತೆಳುವಾಗುತ್ತಿದೆ, ವಿವಾಹವು ನಿಶ್ಚಯವಾಗಿದೆ. ಸಂಜೆ ಏಕಾಂತದಲ್ಲಿ ಮತ್ತೊಂದು ಮಾತನ್ನೂ ತಡೆದು ತಡೆದು ಹೇಳಿದನು: ಮಾತ್ರೆ ಹಿಡಿದು ನಾಲ್ಕು ತಿಂಗಳಾಗಿದೆ, ಆಸಕ್ತಿ ಕುಂದಿದಂತೆ ತೋರುತ್ತದೆ, ಕೆಲವರಿಗೆ ಇದು ಶಾಶ್ವತವಾಗಿ ಉಳಿಯುವುದೆಂದು ಓದಿದ ಮೇಲೆ ನಿದ್ರೆ ಬರುತ್ತಿಲ್ಲ.

ಮಾವ ಅಳಿಯಂದಿರು ಒಂದೇ ಔಷಧವನ್ನು ಸೇವಿಸುವುದು ಹೇಗೆ? ಇದಕ್ಕೊಂದು ಸ್ವಾರಸ್ಯವಾದ ಕಾರಣವಿದೆ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳಲ್ಲಿ ಹುಟ್ಟುವಾಗ ಹೆಣ್ಣುಮಕ್ಕಳೆಂದು ತೋರಿದ ಕೆಲವರು ಪ್ರಾಯಕ್ಕೆ ಬಂದಾಗ ಗಂಡಸರಾಗಿ ಬೆಳೆಯುತ್ತಿದ್ದರು. ೧೯೭೪ರಲ್ಲಿ ಇವರ ವಿಚಾರವನ್ನು ವೈದ್ಯವಿಜ್ಞಾನಿಗಳು ಪ್ರಕಟಿಸಿದರು. ಟೆಸ್ಟೊಸ್ಟೆರಾನ್ ಎಂಬ ಪುರುಷರಸವನ್ನು ಮತ್ತೊಂದು ತೀಕ್ಷ್ಣತರ ರಸವನ್ನಾಗಿ ಮಾರ್ಪಡಿಸುವ ಕಿಣ್ವವು ಅವರ ದೇಹದಲ್ಲಿ ಹುಟ್ಟಿನಿಂದಲೇ ಕೊರತೆಯಾಗಿತ್ತು. ಅವರ ಪ್ರಾಸ್ಟೇಟ್ ಚಿಕ್ಕದಾಗಿಯೇ ಉಳಿಯುತ್ತಿತ್ತು, ತಲೆಯೂ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನು ತಡೆಯುವುದೇ ಫಿನಾಸ್ಟರೈಡಿನ ಕೆಲಸ. ಅಮೆರಿಕದಲ್ಲಿ ೧೯೯೨ರಲ್ಲಿ ಪ್ರಾಸ್ಟೇಟಿಗೂ ೧೯೯೭ರಲ್ಲಿ ಕೂದಲಿಗೂ ಇದಕ್ಕೆ ಅನುಮತಿ ದೊರೆಯಿತು.

ಇನ್ನು ದೋಷದ ಮಾತು. ಔಷಧವನ್ನು ಪರೀಕ್ಷಿಸುವಾಗ ಅರ್ಧ ಜನಕ್ಕೆ ಔಷಧವನ್ನೂ ಉಳಿದರ್ಧಕ್ಕೆ ಅದೇ ರೂಪದ ಬರಿಯ ಹುಸಿಮಾತ್ರೆಯನ್ನೂ ಕೊಡುವರು. ಯಾರಿಗೆ ಯಾವುದೆಂದು ಸೇವಿಸುವವರಿಗೆ ತಿಳಿಯದು. ಕೂದಲಿನ ಮಾತ್ರೆಯ ಪರೀಕ್ಷೆಯಲ್ಲಿ ಒಂದು ವರ್ಷದೊಳಗೆ ಲೈಂಗಿಕ ತೊಂದರೆಯೊಂದನ್ನು ಹೇಳಿದವರು ಸಾವಿರಕ್ಕೆ ಸುಮಾರು ೩೮ ಮಂದಿ. ಹುಸಿಮಾತ್ರೆ ನುಂಗಿದವರಲ್ಲಿಯೂ ಸಾವಿರಕ್ಕೆ ಸುಮಾರು ೨೧ ಮಂದಿ ಅದನ್ನೇ ಹೇಳಿದರು! ಆದುದರಿಂದ ಔಷಧದ ಲೆಕ್ಕಕ್ಕೆ ಬರೆಯತಕ್ಕುದು ಸಾವಿರಕ್ಕೆ ೧೭. ನಮ್ಮಂತಹ ವೃದ್ಧರ ಪರೀಕ್ಷೆಯಲ್ಲಿ, ೫ ಮಿಲಿಗ್ರಾಮಿನಿಂದ, ಮೊದಲ ವರ್ಷದಲ್ಲಿ ನಪುಂಸಕತೆಯನ್ನು ಹೇಳಿದವರು ಸಾವಿರಕ್ಕೆ ೮೧, ಹುಸಿಮಾತ್ರೆಯವರಲ್ಲಿ ೩೭. ಎರಡನೆಯ ವರ್ಷದಿಂದಾಚೆಗೆ ಹೊಸದಾಗಿ ದೂರಿದವರು ಎರಡು ಪಂಗಡದಲ್ಲಿಯೂ ಸಮವಾಗಿದ್ದರು. ಎಂದರೆ ಬರುವುದಾದರೆ ಬಹುಮಟ್ಟಿಗೆ ಮೊದಲ ವರ್ಷದಲ್ಲಿಯೇ ಬರುತ್ತದೆ.

ಭಯವು ತಾನೇ ಒಂದು ಕಾರಣವಾಗಬಲ್ಲುದು. ೨೦೦೭ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ ಎಲ್ಲರಿಗೂ ೫ ಮಿಲಿಗ್ರಾಮಿನ ನಿಜವಾದ ಔಷಧವನ್ನೇ ಕೊಟ್ಟು, ಅರ್ಧ ಮಂದಿಗೆ ಲೈಂಗಿಕ ದೋಷವುಂಟಾಗಬಹುದೆಂದು ಮುಂಚಿತವಾಗಿ ತಿಳಿಸಿದರು, ಉಳಿದವರಿಗೆ ತಿಳಿಸಲಿಲ್ಲ. ತಿಳಿದವರಲ್ಲಿ ನೂರಕ್ಕೆ ಸುಮಾರು ೪೪ ಮಂದಿಯೂ ತಿಳಿಯದವರಲ್ಲಿ ಸುಮಾರು ೧೫ ಮಂದಿಯೂ ತೊಂದರೆಯನ್ನು ಹೇಳಿದರು. ಹಾಗೆಂದು ಎಲ್ಲವೂ ಮನೋಭ್ರಮೆಯೆಂದು ತಳ್ಳಿಹಾಕುವ ಬುದ್ಧಿವಂತರನ್ನು ನಾವು ಒಪ್ಪುವುದಿಲ್ಲ. ಔಷಧವನ್ನು ಬಿಟ್ಟಮೇಲೆಯೂ ಆಸಕ್ತಿ, ಶಕ್ತಿ ಹಿಂದಿರುಗದೆ ತಿಂಗಳುಗಟ್ಟಲೆ ಕಷ್ಟಪಟ್ಟವರ ವರದಿಗಳು ಬಂದುದರಿಂದ, ಅಮೆರಿಕದ ಔಷಧ ನಿಯಂತ್ರಕರು ೨೦೧೨ರಲ್ಲಿ ಆ ಎಚ್ಚರಿಕೆಯನ್ನು ಔಷಧದ ವಿವರಪತ್ರದಲ್ಲಿ ಸೇರಿಸಿದರು. ಯುರೋಪಿನ ನಿಯಂತ್ರಕರು ೨೦೨೫ರಲ್ಲಿ ಆತ್ಮಹತ್ಯೆಯ ಯೋಚನೆಗಳನ್ನೂ ಇದರ ದೋಷಗಳಲ್ಲೊಂದೆಂದು ದೃಢಪಡಿಸಿದರು. ಜನರು ತಾವಾಗಿ ಕಳುಹಿಸಿದ ವರದಿಗಳಿಂದ ಸಾವಿರಕ್ಕೆಷ್ಟು ಎಂದು ಎಣಿಸಲಾಗದು. ವಿರಳವೆಂಬುದು ಸರಿ, ಇಲ್ಲವೆಂಬುದು ಸರಿಯಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡೋಣ. ದೊಡ್ಡ ಪ್ರಾಸ್ಟೇಟ್ ಉಳ್ಳವರ ನಾಲ್ಕು ವರ್ಷದ ಪರೀಕ್ಷೆಯಲ್ಲಿ, ಮೂತ್ರವು ಹಠಾತ್ತನೆ ಕಟ್ಟಿಹೋಗಿ ನಳಿಕೆ ಹಾಕಿಸಿಕೊಳ್ಳಬೇಕಾದವರು ಹುಸಿಮಾತ್ರೆಯಲ್ಲಿ ನೂರಕ್ಕೆ ೭, ಔಷಧದಲ್ಲಿ ೩; ಶಸ್ತ್ರಚಿಕಿತ್ಸೆಯಾದವರು ೧೦ ಮತ್ತು ೫. ನಮ್ಮ ತಟ್ಟೆಯಲ್ಲಿ ಇರುವುದು ಇದು. ಮೂತ್ರ ಕಟ್ಟಿದ ಒಂದು ರಾತ್ರಿಯನ್ನು ಕಂಡವರಿಗೆ ಅದರ ತೂಕವನ್ನು ಹೇಳಬೇಕಾಗಿಲ್ಲ. ಗ್ರಂಥಿಯು ಚಿಕ್ಕದಾಗಿದ್ದರೆ ಈ ಲಾಭ ಅಷ್ಟಾಗಿ ದೊರೆಯದು. ಆದುದರಿಂದ ಗ್ರಂಥಿಯ ಗಾತ್ರವೆಷ್ಟೆಂದು ವೈದ್ಯರನ್ನು ಮೊದಲೇ ಕೇಳತಕ್ಕದ್ದು. ನಾವಂತೂ ನಮ್ಮ ಮನೆಯವರೊಡನೆ ಮಾತನಾಡಿಯೇ ಔಷಧವನ್ನು ಆರಂಭಿಸಿದೆವು. ಅಳಿಯನ ತಟ್ಟೆಯಲ್ಲಿ ಇರುವುದು ಕೂದಲು. ಅದೂ ಮಾತ್ರೆ ನುಂಗುವವರೆಗೆ ಮಾತ್ರ. ಬಿಟ್ಟರೆ ಒಂದು ವರ್ಷದೊಳಗೆ ಗಳಿಸಿದುದೆಲ್ಲ ಹೋಗುವುದು. ಕೂದಲು ಅಲ್ಪವೆಂದು ನಾವು ಹೇಳೆವು, ನಮ್ಮದು ಹೋಗಿ ಮೂವತ್ತು ವರ್ಷವಾದರೂ ಕನ್ನಡಿಯ ಮುಂದೆ ನಿಲ್ಲುವುದು ತಪ್ಪಿಲ್ಲ. ಆದರೆ ಕೂದಲಿಗೆ ಕಾಯಬಹುದು.

ಅವನಿಗೆ ನಾವು ಹೇಳಿದುದಿಷ್ಟು: ಮಾತ್ರೆ ಹಿಡಿಯುವ ಮುನ್ನ ನಿನ್ನ ಸ್ಥಿತಿ ಹೇಗಿತ್ತು, ಬದಲಾವಣೆ ಯಾವ ವಾರ ಕಂಡಿತು, ಆ ಸುದ್ದಿಯನ್ನು ಓದಿದುದು ಅದಕ್ಕೆ ಮೊದಲೋ ಅನಂತರವೋ, ನಿದ್ರೆ ಹೇಗಿದೆ, ಬೇರೆ ಔಷಧವುಂಟೇ, ಇವನ್ನೆಲ್ಲ ಬರೆದುಕೊಂಡು ವೈದ್ಯರಲ್ಲಿಗೆ ಹೋಗು. ಅವನು ಹೋದನು. ಅವರು ರಕ್ತದ ಸಕ್ಕರೆಯನ್ನು ನೋಡಿಸಿ, ಮಾತ್ರೆಯನ್ನು ನಿಲ್ಲಿಸಲು ಹೇಳಿದರು. ಇದನ್ನು ಥಟ್ಟನೆ ನಿಲ್ಲಿಸಿದರೂ ಬಾಧಕವಿಲ್ಲ, ರಸದ ಮಟ್ಟವು ಸುಮಾರು ಎರಡು ವಾರದಲ್ಲಿ ಮೊದಲಿನಂತಾಗುತ್ತದೆ. ಮನಸ್ಸು ಕುಗ್ಗಿದಂತೆ ಕಂಡರೆ ತಡಮಾಡದೆ ಬಾ ಎಂದೂ ಹೇಳಿದರು. ಆರು ವಾರದಲ್ಲಿ ಅವನು ಸರಿಹೋದನು. ಔಷಧ ಬಿಟ್ಟುದರಿಂದಲೋ ಭಯ ಬಿಟ್ಟುದರಿಂದಲೋ ಎಂದು ಒಬ್ಬನ ದೃಷ್ಟಾಂತದಿಂದ ನಿರ್ಣಯಿಸಲಾಗದು.

ಈ ಮಾತ್ರೆಯನ್ನು ಸೇವಿಸುವ ನಮ್ಮ ವಯಸ್ಸಿನವರು ಒಂದನ್ನು ಮರೆಯಬಾರದು. ಪ್ರಾಸ್ಟೇಟಿನ ಅರ್ಬುದವನ್ನು ಶಂಕಿಸಲು ಮಾಡುವ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಇದು ಆರು ತಿಂಗಳಿನಲ್ಲಿ ಸುಮಾರು ಅರ್ಧಕ್ಕೆ ಇಳಿಸುತ್ತದೆ. ವರದಿಯಲ್ಲಿ ೩ ಎಂದಿದ್ದರೆ ೬ ಎಂದು ಓದಿಕೊಳ್ಳಬೇಕು. ಕೂದಲಿಗೆ ೧ ಮಿಲಿಗ್ರಾಮ್ ನುಂಗುವವರಿಗೂ ಇದು ಅನ್ವಯಿಸುವುದು. ಕೂದಲಿನ ಮಾತ್ರೆಯನ್ನು ಔಷಧವೆಂದೇ ಎಣಿಸದೆ ವೈದ್ಯರಿಗೆ ಹೇಳುವುದನ್ನು ಬಿಡುವವರು ಅನೇಕರು. ಮನೆಯಲ್ಲಿ ಗರ್ಭಿಣಿಯರಿದ್ದರೆ ಒಡೆದ ಅಥವಾ ಪುಡಿಯಾದ ಮಾತ್ರೆಯನ್ನು ಅವರು ಮುಟ್ಟಬಾರದು. ಗರ್ಭದಲ್ಲಿರುವುದು ಗಂಡುಶಿಶುವಾದರೆ ಅದರ ಅಂಗರಚನೆಗೆ ಅಪಾಯವುಂಟು. ಹಣ ಉಳಿಸಲೆಂದು ೫ ಮಿಲಿಗ್ರಾಮಿನದನ್ನು ಕತ್ತರಿಸಿ ಕೂದಲಿಗೆ ಬಳಸುವ ತರುಣರಿದ್ದಾರೆ. ಅಂಥವರ ಮನೆಯಲ್ಲಿ ಆ ಕತ್ತಿಯನ್ನೂ ತಟ್ಟೆಯನ್ನೂ ಅವರೇ ತೊಳೆಯಲಿ.