ಮೇಲಿರಬೇಕಾದ ಕಂಬಿ

ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ. “ಬಾಲ್ಕನೀಲಿ ಬಾಗಿಲ ಹತ್ರ ಒಂದು ಗೆರೆ ಬಂದಿದೆ ಪುಟ್ಟೀ. ಮಳೆ ಬಂದ್ರೆ ಕೆಳಗಿನ ಜಗಲಿಗೆ ಹನಿ ಬೀಳ್ತದೆ. ಈ ಕಡೆ ಬಂದಾಗ ನೋಡು, ಅವಸರ ಏನಿಲ್ಲ.”

“ಗೆರೆ ಮೇಲಿದೆಯೋ, ಅಡಿಯಲ್ಲಿದೆಯೋ?”

“ಮೇಲೆ. ಗೋಡೆಗುಂಟ, ಈ ತುದಿಯಿಂದ ಆ ತುದಿಗೆ.”

“ಅಲ್ಲಿ ಏನಿಟ್ಟಿದ್ದೀರಿ?”

“ಅಡಿಕೆ ಚೀಲ. ಇಪ್ಪತ್ತು ಇರಬಹುದು.”

ಚೀಲಗಳನ್ನು ಇವತ್ತೇ ಒಳಗೆ ಸಾಗಿಸಿ, ಬಾಲ್ಕನಿಗೆ ಯಾರೂ ಹೋಗಬೇಡಿ, ಜಗಲಿಯಲ್ಲೂ ಅದರ ಕೆಳಗೆ ಕೂರಬೇಡಿ ಎಂದೆ. ಆ ರಾತ್ರಿಯೇ ಸಾಗರದ ಬಸ್ಸು ಹತ್ತಿದೆ. ಆ ಮನೆಯ ಮಹಡಿಯ ಡ್ರಾಯಿಂಗ್ ಮಾಡಿದ್ದು ನಾನು. ಇಂಜಿನಿಯರಿಂಗ್ ಮುಗಿಸಿ ಎರಡೇ ವರ್ಷವಾಗಿತ್ತು ಆಗ. ಕಾಂಕ್ರೀಟ್ ಹಾಕುವ ದಿನ ಬೆಂಗಳೂರಿನಿಂದ ರಜೆ ಸಿಗದೆ, “ಮೇಸ್ತ್ರಿ ಹಳಬರು, ನೋಡಿಕೊಳ್ಳುತ್ತಾರೆ” ಎಂದುಕೊಂಡು ಸುಮ್ಮನಿದ್ದೆ.

ಮಹಡಿಯಲ್ಲಿ ಎರಡು ಸಾಲು ಕೋಣೆ, ನಡುವೆ ಕಾರಿಡಾರ್, ಮುಂದುಗಡೆ ಬಾಲ್ಕನಿ. ಕಾರಿಡಾರ್ 1.8 ಮೀಟರ್ ಅಗಲ, 7.2 ಮೀಟರ್ ಉದ್ದ. ಇಂಥ ಉದ್ದನೆಯ ಸ್ಲ್ಯಾಬಿನ ಮೇಲೆ ಭಾರ ಬಿದ್ದರೆ ಅದು ಹತ್ತಿರದ ಗೋಡೆಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಉದ್ದ ನಾಲ್ಕು ಪಟ್ಟಾದರೆ ಆ ದಿಕ್ಕಿನ ಪಟ್ಟಿ 256 ಪಟ್ಟು ಸಡಿಲ, ಹಾಗಾಗಿ ಅದು ಹೊರುವುದು ಹೆಸರಿಗಷ್ಟೇ. ಉದ್ದ ಅಗಲದ ಎರಡು ಪಟ್ಟು ದಾಟಿದರೆ ನಾವು ಅದನ್ನು ಒನ್-ವೇ ಸ್ಲ್ಯಾಬ್ ಎಂದೇ ಲೆಕ್ಕ ಹಾಕುತ್ತೇವೆ. ಭಾರ ಹೊರುವ ಮೇನ್ ಕಂಬಿ ಅಗಲದ ದಿಕ್ಕಿಗೆ. ಅದಕ್ಕೆ ಅಡ್ಡಲಾಗಿ, ಉದ್ದಕ್ಕೆ ಹೋಗುವುದು ಡಿಸ್ಟ್ರಿಬ್ಯೂಷನ್ ಕಂಬಿ. ಒಂದೇ ಕಡೆ ಬಿದ್ದ ಭಾರವನ್ನು ಅಕ್ಕಪಕ್ಕದ ಕಂಬಿಗಳಿಗೆ ಹಂಚುವುದು, ಕಾಂಕ್ರೀಟ್ ಒಣಗಿ ಕುಗ್ಗುವಾಗ ಸೀಳದಂತೆ ಹಿಡಿಯುವುದು, ಮೇನ್ ಕಂಬಿಗಳನ್ನು ಅಂತರ ತಪ್ಪದಂತೆ ಕಟ್ಟಿಡುವುದು ಅದರ ಕೆಲಸ. ಕಾರಿಡಾರಿನ ಸ್ಲ್ಯಾಬ್ ನಡುವೆ ಕೆಳಕ್ಕೆ ಜಗ್ಗುತ್ತದೆ, ಸೀಳುವ ಎಳೆತ ಅಡಿಭಾಗದಲ್ಲಿ. ಆದ್ದರಿಂದ ಮೇನ್ ಕಂಬಿ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಡಿಸ್ಟ್ರಿಬ್ಯೂಷನ್. ಇದು ಯಾವ ಕಂಬಿ ಕಟ್ಟುವವನಿಗೂ ಹೇಳಿಕೊಡಬೇಕಾಗಿಲ್ಲ, ಕೈಗೇ ರೂಢಿಯಾಗಿರುತ್ತದೆ.

ತೊಂದರೆ ಬರುವುದು ಆ ರೂಢಿಯ ಕೈ ಬಾಲ್ಕನಿಗೆ ಕಾಲಿಟ್ಟಾಗ. ಗೋಡೆಯಿಂದ 1.2 ಮೀಟರ್, ಅಂದರೆ ನಾಲ್ಕು ಅಡಿ, ಹೊರಗೆ ಚಾಚಿದ ಬಾಲ್ಕನಿಗೆ ಆಚೆ ತುದಿಯಲ್ಲಿ ಆಸರೆಯೇ ಇಲ್ಲ. ಚಾಚಿದ ಕೈಯ ಮೇಲೆ ಭಾರ ಇಟ್ಟ ಹಾಗೆ ಅದು ಹೊರಗೆ ಬಾಗುತ್ತದೆ, ಎಳೆತ ಮೇಲ್ಮೈಯಲ್ಲಿ ಹುಟ್ಟುತ್ತದೆ, ಅದೂ ಗೋಡೆಯ ಬುಡದಲ್ಲೇ ಅತಿ ಹೆಚ್ಚು. ಇಲ್ಲಿ ಮೇನ್ ಕಂಬಿ ಮೇಲಿರಬೇಕು, ಡಿಸ್ಟ್ರಿಬ್ಯೂಷನ್ ಅದರ ಕೆಳಗೆ. ಮೇನ್ ಕಂಬಿ ಗೋಡೆಯ ತೊಲೆಯನ್ನು ದಾಟಿ ಒಳಗಿನ ಸ್ಲ್ಯಾಬಿಗೂ ಹೋಗಿರಬೇಕು. ಚಾಚಿದ್ದರ ಒಂದೂವರೆ ಪಟ್ಟು ಒಳಗಿರಲಿ ಎಂದು 1.8 ಮೀಟರ್ ಬರೆದಿದ್ದೆ.

ಬೆಳಿಗ್ಗೆ ಹೋಗಿ ನೋಡಿದರೆ ದೊಡ್ಡಮ್ಮ ಹೇಳಿದ ಗೆರೆ ಹೇಳಿದಲ್ಲೇ ಇತ್ತು. ಒಂದು ರೂಪಾಯಿ ನಾಣ್ಯದ ಅಂಚು ಹೋಗದಷ್ಟು ಸಣ್ಣದು, ಆದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಕಾರಿಡಾರಿನಲ್ಲಿ ಇಂಥ ಗೆರೆ ಅಡಿಯಲ್ಲಿ ಬಂದರೆ ನೀರು ಅದರಲ್ಲಿ ನಿಲ್ಲುವುದಿಲ್ಲ. ಇಲ್ಲಿ ಅದು ಆಕಾಶಕ್ಕೆ ಬಾಯಿ ತೆರೆದಿತ್ತು, ಮಲೆನಾಡಿನ ಮಳೆ ನೇರವಾಗಿ ಕಂಬಿಗೆ ಇಳಿಯುತ್ತಿತ್ತು. ನೀರಿನ ಟ್ಯೂಬ್ ಹಿಡಿದು ಅಡಿಯ ಮಟ್ಟ ನೋಡಿದೆ: ಹೊರ ಅಂಚು ಗೋಡೆಯ ಬುಡಕ್ಕಿಂತ 18 ಮಿ.ಮೀ. ತಗ್ಗು. ಮೊದಲೇ ಸೆಂಟ್ರಿಂಗ್ ಬಾಗಿದ್ದರೂ ಹೀಗಾಗಬಹುದು, ಅದೊಂದನ್ನೇ ನಂಬುವಂತಿಲ್ಲ. ಆದರೆ ಗೆರೆಯೂ ತಗ್ಗೂ ಒಟ್ಟಿಗೆ ಸಿಕ್ಕಾಗ ನನ್ನ ಗಂಟಲು ಒಣಗಿತು.

ಕೆಳಗಿನಿಂದ ಹೊರ ಅಂಚಿನುದ್ದಕ್ಕೂ ಆನಿಕೆ ಕೊಟ್ಟ ಮೇಲೆಯೇ ಮೇಲೆ ಉಳಿ ಇಟ್ಟಿದ್ದು. ಗೆರೆಯ ಮೇಲೆ ಮೂರು ಕಡೆ ಅಂಗೈಯಗಲ ಒಡೆಸಿದೆ. ನೆಲದ ಗಾರೆ ತೆಗೆದು ಕಾಂಕ್ರೀಟಿನ ಮೇಲ್ಮೈಯಿಂದ ಅಳೆದೆ. ನನ್ನ ಲೆಕ್ಕದಲ್ಲಿ ಕಂಬಿಯ ನಡುಭಾಗ 34 ಮಿ.ಮೀ. ಆಳದಲ್ಲಿ ಸಿಗಬೇಕು: 30 ಕವರ್, ಜೊತೆಗೆ 8 ಮಿ.ಮೀ. ಕಂಬಿಯ ಅರ್ಧ. 40 ದಾಟಿತು, 60 ದಾಟಿತು, ಉಳಿಗೆ ಕಬ್ಬಿಣ ತಾಗಲಿಲ್ಲ. ದೊಡ್ಡಪ್ಪ ಬಾಗಿಲಲ್ಲಿ ನಿಂತು, “ಕಂಬಿಯೇ ಹಾಕಿಲ್ವಾ?” ಎಂದರು. ಕೊನೆಗೆ 84ರಲ್ಲಿ ಸಿಕ್ಕಿತು. ಉಳಿದೆರಡು ಕಡೆಯೂ ಹೆಚ್ಚುಕಡಿಮೆ ಅಷ್ಟೇ. 150 ಮಿ.ಮೀ. ದಪ್ಪದ ಸ್ಲ್ಯಾಬಿನಲ್ಲಿ ಕಂಬಿ ನಡುಮಧ್ಯಕ್ಕಿಂತಲೂ ಕೆಳಗಿತ್ತು.

ಜಗಲಿಯಲ್ಲಿ ಕೂತು ಹಳೆಯ ಲೆಕ್ಕವನ್ನು ಮತ್ತೆ ಹಾಕಿದೆ. ಒಂದು ಮೀಟರ್ ಅಗಲದ ಪಟ್ಟಿಗೆ: ಸ್ಲ್ಯಾಬಿನ ಸ್ವಂತ ಭಾರ ಚದರ ಮೀಟರಿಗೆ 3.75 ಕಿಲೋನ್ಯೂಟನ್, ನೆಲಹಾಸು 1, ಜನ-ಸಾಮಾನಿಗೆ ಕೋಡ್ ಹೇಳುವ 3. ತುದಿಯಲ್ಲಿ ಮೂರಡಿ ಇಟ್ಟಿಗೆ ಕಟ್ಟೆಯದು 2.5. ಇವೆಲ್ಲ ಗೋಡೆಯ ಬುಡವನ್ನು ಬಾಗಿಸುವ ಬಲ ಒಟ್ಟು 8.4 ಕಿಲೋನ್ಯೂಟನ್ ಮೀಟರ್. ಸುರಕ್ಷತೆಗೆ ಒಂದೂವರೆ ಪಟ್ಟು ಮಾಡಿದರೆ 12.6. 150 ಮಿ.ಮೀ.ಗೊಂದರಂತೆ ಇಟ್ಟ 8 ಮಿ.ಮೀ. ಕಂಬಿ ಸರಿಯಾದ ಎತ್ತರದಲ್ಲಿದ್ದರೆ ಸುಮಾರು 15.9 ತಡೆಯುತ್ತದೆ, ಬೇಕಾದ್ದಕ್ಕಿಂತ ಜಾಸ್ತಿಯೇ. ಅದೇ ಕಂಬಿ, ಅದೇ ತೂಕ, ಅದೇ ಅಂಗಡಿಯ ಬಿಲ್ಲು, 50 ಮಿ.ಮೀ. ಇಳಿದಿದ್ದಕ್ಕೆ 8.6. ಯಾಕೆಂದರೆ ಕಂಬಿಗೆ ಬಲ ಬರುವುದು ಅಡಿಭಾಗದ ಒತ್ತಿದ ಕಾಂಕ್ರೀಟಿನಿಂದ ಅದು ಎಷ್ಟು ದೂರದಲ್ಲಿದೆ ಎಂಬುದರಿಂದ. ಆ ದೂರ ಅರ್ಧಕ್ಕಿಳಿದಿತ್ತು. ದಿನನಿತ್ಯದ ಭಾರಕ್ಕೂ ತಡೆಯುವ ಶಕ್ತಿಗೂ ನಡುವೆ ಉಳಿದದ್ದು ಏನೇನೂ ಅಲ್ಲ.

ಚೀಲದ ಲೆಕ್ಕ ಇನ್ನೊಂದು. 65 ಕಿಲೋದ ಇಪ್ಪತ್ತು ಚೀಲವನ್ನು ಹರಡಿಟ್ಟಿದ್ದರೆ ಕೋಡಿನ ಮಿತಿಯೊಳಗೇ ಇರುತ್ತಿತ್ತು. ಓಡಾಡಲು ಜಾಗ ಬೇಕೆಂದು ದೊಡ್ಡಪ್ಪ ಎಲ್ಲವನ್ನೂ ಹೊರಗಿನ ಕಟ್ಟೆಗೆ ಒರಗಿಸಿದ್ದರು. ಗೋಡೆಯಿಂದ ದೂರ ಹೋದಷ್ಟೂ ಭಾರಕ್ಕೆ ಸನ್ನೆಕೋಲಿನ ಬಲ ಬರುತ್ತದೆ. ಹಾಗೆ ಇಟ್ಟಾಗ ಬುಡದ ಬಲ 9ನ್ನು ದಾಟುತ್ತದೆ.

ದೊಡ್ಡಪ್ಪ ಕೇಳಿದ ಪ್ರಶ್ನೆ ಮಾತ್ರ ನ್ಯಾಯವಾದದ್ದು. “ಹಂಗಾದ್ರೆ ಇಷ್ಟು ವರ್ಷ ಹ್ಯಾಂಗೆ ನಿಂತಿತ್ತು?”

ಬರೀ ಕಾಂಕ್ರೀಟಿಗೂ ಸ್ವಲ್ಪ ಎಳೆತ ತಡೆಯುವ ಶಕ್ತಿ ಇದೆ. ನಾವು ಲೆಕ್ಕದಲ್ಲಿ ಅದನ್ನು ನಂಬುವುದಿಲ್ಲ, ಆದರೆ ಅದು ಇರುತ್ತದೆ. ಸೀಳದ 150 ಮಿ.ಮೀ. ಸ್ಲ್ಯಾಬ್ ಕಂಬಿಯ ಹಂಗಿಲ್ಲದೆ 13ರ ತನಕ ತಡೆದೀತು. ಅಷ್ಟು ವರ್ಷ ಬಾಲ್ಕನಿಯನ್ನು ಹಿಡಿದದ್ದು ಹೆಚ್ಚುಕಡಿಮೆ ಅದೇ. ಬಿಸಿಲು, ಮಳೆ, ಕುಗ್ಗುವಿಕೆ ಅದನ್ನು ನಿಧಾನವಾಗಿ ತಿನ್ನುತ್ತವೆ. ಒಮ್ಮೆ ಗೆರೆ ಬಿಟ್ಟಿತೋ, ಕಾಂಕ್ರೀಟಿನ ಪಾಲು ಅಲ್ಲಿಗೆ ಮುಗಿಯಿತು, ಎಲ್ಲವೂ ಒಮ್ಮೆಗೇ ಕಂಬಿಯ ಮೇಲೆ. “ಹತ್ತು ವರ್ಷ ನಿಂತಿದೆಯಲ್ಲ” ಎನ್ನುವ ಮಾತು ಬಾಲ್ಕನಿಯ ವಿಷಯದಲ್ಲಿ ಸಾಕ್ಷಿಯಾಗದೇ ಇರುವುದು ಇದಕ್ಕೇ.

ಸಂಜೆ ಮೇಸ್ತ್ರಿಯನ್ನು ಕರೆಸಿದೆವು. ಈಗ ವಯಸ್ಸಾಗಿದೆ, ಕೆಲಸ ಬಿಟ್ಟಿದ್ದಾರೆ. ನಾನು ಜಗಳಕ್ಕೆ ತಯಾರಾಗಿಯೇ ಇದ್ದೆ. ಅವರು ಒಡೆದ ಜಾಗದಲ್ಲಿ ಬೆರಳಿಟ್ಟು ಬಹಳ ಹೊತ್ತು ನೋಡಿದರು. “ಮೇಲೇ ಕಟ್ಟಿದ್ವಿ ಅಮ್ಮ. ತೊಲೆ ಪಂಜರ ಮೊದಲೇ ಕಟ್ಟಿಯಾಗಿತ್ತು. ಬಾಲ್ಕನಿ ಕಂಬಿನ ತೊಲೆಯ ಮೇಲಿನ ಕಂಬಿಯ ಅಡಿಯಿಂದ ತೂರಿಸಿದ್ವಿ. ಕಾರಿಡಾರಲ್ಲಿ ಮಾಡಿದ ಹಂಗೆ ಅಡ್ಡಕಂಬಿ ಮೇಲೆ ಇಟ್ಟು ಬಿಗಿದ್ವಿ.” ಆಮೇಲೆ ದೊಡ್ಡಪ್ಪ ಜೋಪಾನ ಮಾಡಿದ್ದ ನನ್ನ ಡ್ರಾಯಿಂಗ್ ಬಿಡಿಸಿದರು. “ಇದ್ರಲ್ಲಿ ಹಂಗೆ ಇಡಬಾರದು ಅಂತ ಎಲ್ಲಿದೆ?”

ಎಲ್ಲೂ ಇರಲಿಲ್ಲ. ಮೇಲಿನಿಂದ ನೋಡಿದ ಪ್ಲ್ಯಾನ್ ಒಂದನ್ನೇ ಬರೆದಿದ್ದೆ. ಮೇಲಿನಿಂದ ನೋಡಿದರೆ ಕಾರಿಡಾರಿನ ಕಂಬಿಗೂ ಬಾಲ್ಕನಿಯ ಕಂಬಿಗೂ ವ್ಯತ್ಯಾಸವಿಲ್ಲ, ಎರಡೂ ಗೆರೆಗಳೇ. ಬಾಲ್ಕನಿಯ ಪಕ್ಕ ‘ಟಾಪ್’ ಎಂದು ಬರೆದಿದ್ದೆ, ಅಷ್ಟೇ. ಗೋಡೆಯ ಬುಡದಲ್ಲಿ ಸ್ಲ್ಯಾಬನ್ನು ಕತ್ತರಿಸಿ ತೋರಿಸುವ ಸೆಕ್ಷನ್ ಒಂದು ಬರೆದಿದ್ದರೆ ಮೇನ್ ಕಂಬಿ ತೊಲೆಯ ಮೇಲಿನ ಕಂಬಿಗಿಂತಲೂ ಮೇಲೆ ಹಾಯುವುದು, ಅಡ್ಡಕಂಬಿ ಅದರ ಕೆಳಗಿರುವುದು ಕಣ್ಣಿಗೆ ಕಾಣುತ್ತಿತ್ತು. ಕಂಬಿಯ ಕೆಳಗೆ ನಿಲ್ಲಿಸುವ ಚೇರುಗಳನ್ನೂ ಬರೆದಿರಲಿಲ್ಲ. ತುಂಡು ಕಂಬಿಯನ್ನು ಬಗ್ಗಿಸಿ ಕಾಲು ಮಾಡಿದ ಆ ಚೇರುಗಳು ಮೀಟರಿಗೊಂದಾದರೂ ಇರದಿದ್ದರೆ, ಕಾಂಕ್ರೀಟ್ ಬಾಂಡ್ಲಿ ಹೊತ್ತ ಹತ್ತು ಜನ ತುಳಿದು ಓಡಾಡುವಾಗ 8 ಮಿ.ಮೀ. ಕಂಬಿ ಎಷ್ಟು ಹೊತ್ತು ಮೇಲಿದ್ದೀತು? ತೊಲೆಯ ಕಂಬಿಯ ಅಡಿಯಿಂದ ತೂರಿಸಿದ್ದಕ್ಕೆ ಒಂದಿಷ್ಟು ಇಳಿಯಿತು, ತುಳಿತಕ್ಕೆ ಕಟ್ಟುತಂತಿ ಸಡಿಲಿ ಉಳಿದದ್ದು ಇಳಿಯಿತು. ಅಡ್ಡಕಂಬಿಯನ್ನು ಮೇಲಿಟ್ಟಿದ್ದರಿಂದ ಮೇನ್ ಕಂಬಿಯನ್ನು ತಡೆಯಲು ಕೆಳಗೆ ಏನೂ ಇರಲಿಲ್ಲ. ಮೇಸ್ತ್ರಿಗೆ ಕಾಫಿ ಕೊಟ್ಟು, ತಪ್ಪು ನನ್ನದೂ ಇದೆ ಎಂದೆ. “ನಿಂದೇ ಜಾಸ್ತಿ” ಎಂದು ಅವರು ನಗದೇ ಹೇಳಿದರು.

ಒಡೆದು ಹೊಸದು ಹಾಕುವುದೇ ಎಂದು ಮೊದಲು ಯೋಚಿಸಿದೆ. ಒಳಗಿನ ಸ್ಲ್ಯಾಬನ್ನೂ ಎರಡು ಮೀಟರಿನಷ್ಟು ಅಗೆಯಬೇಕಾಗುತ್ತಿತ್ತು. ಆಗ ಹೊಳೆದದ್ದು: ಹೊರ ಅಂಚಿಗೆ ಆಸರೆ ಕೊಟ್ಟರೆ ಇದು ಚಾಚಿದ ಕೈಯಾಗಿ ಉಳಿಯುವುದಿಲ್ಲ, ಎರಡು ಕಡೆ ಒರಗಿದ, ಕಾರಿಡಾರಿನಂಥದೇ ಸ್ಲ್ಯಾಬ್ ಆಗುತ್ತದೆ. ಆಗ ಎಳೆತ ಅಡಿಭಾಗಕ್ಕೆ ಬರುತ್ತದೆ. ಮೇಲಿನಿಂದ 84 ಮಿ.ಮೀ. ಆಳಕ್ಕೆ ಇಳಿದುಹೋದ ಕಂಬಿ ಆ ಎಳೆತಕ್ಕೆ ಸಾಕಷ್ಟು ಒಳ್ಳೆಯ ಜಾಗದಲ್ಲೇ ಇತ್ತು. ಸುರಕ್ಷತೆಯೂ ಸೇರಿ ಬೇಕಾದದ್ದು 2ರಷ್ಟು, ಅಲ್ಲಿ ಅದು ಕೊಡುವುದು 11. ನನ್ನ ಡ್ರಾಯಿಂಗಿನಂತೆ ಸರಿಯಾಗಿ ಮೇಲಿದ್ದಿದ್ದರೆ ಈ ಉಪಾಯಕ್ಕೆ ಇಷ್ಟು ಒದಗುತ್ತಿರಲಿಲ್ಲ ಎನ್ನುವುದು ಒಂದು ತಮಾಷೆ.

ಅಂಗಳದಲ್ಲಿ ಗಟ್ಟಿ ಮಣ್ಣು ಸಿಗುವ ತನಕ ಅಗೆದು ಮೂರು ಕಡೆ ಪಾಯ ಹಾಕಿ, ಮೂರು ಕಬ್ಬಿಣದ ಕಂಬ ನಿಲ್ಲಿಸಿ, ಅವುಗಳ ಮೇಲೆ ಬಾಲ್ಕನಿಯ ಅಂಚಿನುದ್ದಕ್ಕೂ ಚಾನಲ್ ತೊಲೆ ಕೂರಿಸಿದೆವು. ಚಾನಲ್ಲಿಗೂ ಸ್ಲ್ಯಾಬಿಗೂ ನಡುವಿನ ಸಂದಿಗೆ ಕುಗ್ಗದ ಗ್ರೌಟ್ ತುಂಬಿ, ಅದು ಗಟ್ಟಿಯಾದ ಮೇಲೆಯೇ ಆನಿಕೆ ತೆಗೆದದ್ದು. ಗೆರೆಗೆ ಎಪಾಕ್ಸಿ ಇಳಿಸಿ, ಮೇಲೆ ನೀರು ಇಳಿಯದಂತೆ ಲೇಪ ಕೊಡಿಸಿದೆ. ಸಿಕ್ಕ ಕಂಬಿಗಳ ಮೇಲೆ ಕೆಂಪು ಪುಡಿ ಇತ್ತು, ಆದರೆ ಸವೆದಿರಲಿಲ್ಲ. ಇನ್ನೆರಡು ಮಳೆಗಾಲ ಬಿಟ್ಟಿದ್ದರೆ ಹೀಗೆ ಬರೆಯಲು ಆಗುತ್ತಿರಲಿಲ್ಲವೇನೋ.

ಹೊರಡುವ ದಿನ ಹೊಸ ಹಾಳೆಯಲ್ಲಿ ಆ ಸೆಕ್ಷನ್ ಬರೆದು, ಕಂಬಗಳನ್ನೂ ಸೇರಿಸಿ, ಹಳೆಯ ಡ್ರಾಯಿಂಗಿನ ಜೊತೆ ಮಡಚಿಟ್ಟೆ. ಮುಂದೆ ಯಾರಾದರೂ ಕಂಬ ಅಂದಗೆಡಿಸುತ್ತದೆಂದು ತೆಗೆಸಿಬಿಟ್ಟಾರು ಎಂದು ‘ಇವು ಅಲಂಕಾರಕ್ಕಲ್ಲ, ತೆಗೆಯಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದೆ. ದೊಡ್ಡಮ್ಮ ಅಷ್ಟರಲ್ಲಿ ನಡುವಿನ ಕಂಬಕ್ಕೆ ಮಲ್ಲಿಗೆ ಬಳ್ಳಿ ಹಬ್ಬಿಸಲು ದಾರ ಕಟ್ಟುತ್ತಿದ್ದರು. ದೊಡ್ಡಪ್ಪ ಮೆಲ್ಲಗೆ ಕೇಳಿದರು, “ಇನ್ನು ಚೀಲ ಇಡಬಹುದಲ್ಲ?”

“ಇಡಬಹುದು. ಒಂದರ ಮೇಲೊಂದು ಪೇರಿಸಬೇಡಿ,” ಎಂದೆ.