ವಾಕ್ಯದೊಳಗಿನ ಪಂಕ್ತಿಭೇದ

ಒಂದೇ ಪಂಕ್ತಿಯಲ್ಲಿ ಕುಳಿತವರಿಗೆ ಒಂದೇ ಬಗೆಯಾಗಿ ಬಡಿಸುವುದು ಮರ್ಯಾದೆ. ವಾಕ್ಯದಲ್ಲಿ ಜೊತೆಗೂಡಿ ಬರುವ ಪದಗಳಿಗೂ ಈ ಮರ್ಯಾದೆ ಸಲ್ಲತಕ್ಕದ್ದು. ಸಲ್ಲದಿದ್ದರೆ ಅಂದ ಮಾತ್ರವಲ್ಲದೆ ಅರ್ಥವೂ ಕೆಡುವುದುಂಟು.

ಒಂದೂರಿನ ವಾಚನಾಲಯದ ನಿಯಮಾವಳಿಯಲ್ಲಿ ಹೀಗೊಂದು ವಾಕ್ಯವಿದೆಯೆಂದು ವಾಚಕರು ಭಾವಿಸಲಿ: “ಸಂಘವು ಗ್ರಂಥಗಳನ್ನು ಮಾತ್ರವಲ್ಲದೆ ಬಡ ವಿದ್ಯಾರ್ಥಿಗಳಿಗೂ ಕೊಡತಕ್ಕದ್ದು.” ಬಡ ಹುಡುಗನೊಬ್ಬನು ಪುಸ್ತಕವನ್ನು ಬೇಡಿ ಬಾಗಿಲಲ್ಲಿ ನಿಂತಿದ್ದಾನೆ. ಸದಸ್ಯರಿಗೆ ಕೊಡುವಂತೆ ಇವನಿಗೂ ಪುಸ್ತಕವನ್ನು ಕೊಡಬೇಕೆಂದು ಒಬ್ಬರ ವಾದ. ಪುಸ್ತಕದ ಜೊತೆಗೆ ಶಾಲೆಯ ಶುಲ್ಕವನ್ನೂ ಕೊಡಬೇಕೆಂದು ಇನ್ನೊಬ್ಬರ ವಾದ. ಇಷ್ಟೊಂದು ಸಂದೇಹವಿರುವಾಗ ಏನನ್ನೂ ಕೊಡದಿರುವುದೇ ಕ್ಷೇಮವೆಂದು ಖಜಾಂಚಿಯ ತೀರ್ಪು. ಹುಡುಗನು ಬರಿಗೈಯಲ್ಲಿ ಹಿಂದಿರುಗುತ್ತಾನೆ.

ದೋಷವೆಲ್ಲಿ? ‘ಮಾತ್ರವಲ್ಲದೆ’ ಎಂಬುದರ ಹಿಂದಿರುವುದು ಕೊಡುವ ವಸ್ತು, ದ್ವಿತೀಯಾ ವಿಭಕ್ತಿ. ಮುಂದೆ ‘ಊ’ ಹತ್ತಿರುವುದು ಪಡೆಯುವವರಿಗೆ, ಚತುರ್ಥೀ ವಿಭಕ್ತಿ. ಜೊತೆಯ ಎರಡು ಎತ್ತುಗಳು ಬೇರೆ ಬೇರೆ ನೊಗಗಳಿಗೆ ಬಿದ್ದಿವೆ. “ಗ್ರಂಥಗಳನ್ನು ಸದಸ್ಯರಿಗೆ ಮಾತ್ರವಲ್ಲದೆ ಬಡ ವಿದ್ಯಾರ್ಥಿಗಳಿಗೂ ಕೊಡತಕ್ಕದ್ದು” ಎಂದರೆ ಮೊದಲನೆಯ ಅರ್ಥವು ಸ್ಥಿರವಾಯಿತು. “ಬಡ ವಿದ್ಯಾರ್ಥಿಗಳಿಗೆ ಗ್ರಂಥಗಳನ್ನು ಮಾತ್ರವಲ್ಲದೆ ಶುಲ್ಕವನ್ನೂ ಕೊಡತಕ್ಕದ್ದು” ಎಂದರೆ ಎರಡನೆಯದು. ಎರಡರಲ್ಲಿಯೂ ಜೊತೆಯ ಪದಗಳಿಗೆ ವಿಭಕ್ತಿಯೊಂದೇ.

ಪಟ್ಟಿಯಲ್ಲಿ ಈ ದೋಷವನ್ನು ಕಂಡುಹಿಡಿಯುವುದು ಸುಲಭ. “ಅವನು ಓದುವುದು, ಬರೆಯುವುದು ಮತ್ತು ಸಂಗೀತದಲ್ಲಿ ಆಸಕ್ತನು” ಎಂಬಲ್ಲಿ ಒಂದೊಂದು ಪದವನ್ನೇ ಉಳಿಸಿ, ಮಿಕ್ಕವನ್ನು ಬೆರಳಿನಿಂದ ಮುಚ್ಚಿ ಓದಬೇಕು. ‘ಸಂಗೀತದಲ್ಲಿ ಆಸಕ್ತನು’ ಸರಿ. ‘ಓದುವುದು ಆಸಕ್ತನು’ ಎಂಬುದು ಕನ್ನಡವೇ ಅಲ್ಲ. “ಓದುವುದರಲ್ಲಿಯೂ ಬರೆಯುವುದರಲ್ಲಿಯೂ ಸಂಗೀತದಲ್ಲಿಯೂ ಆಸಕ್ತನು” ಎಂದರೆ ಮೂರೂ ನಿಲ್ಲುವುವು. ಆದರೆ ‘ಅಕ್ಕಿ, ಬೇಳೆ, ಬೆಲ್ಲಗಳನ್ನು ತಂದನು’ ಎಂಬುದು ದೋಷವಲ್ಲ. ಅಲ್ಲಿ ಕೊನೆಯ ಪ್ರತ್ಯಯವೇ ಎಲ್ಲಕ್ಕೂ ಅನ್ವಯಿಸುವುದು. ‘ಊ’ಕಾರಕ್ಕೆ ಮಾತ್ರ ಆ ಸ್ವಾತಂತ್ರ್ಯವಿಲ್ಲ, ಅದು ಒಂದಕ್ಕೆ ಹತ್ತಿದರೆ ಜೊತೆಯವುಗಳಿಗೂ ಹತ್ತಬೇಕು.

ಹೋಲಿಕೆಯಲ್ಲಿ ತೊಡಕು ಹೆಚ್ಚು. ‘ಈ ಕೆರೆಯ ನೀರು ಆ ಬಾವಿಗಿಂತ ಸಿಹಿ’ ಎಂದರೆ ನೀರನ್ನು ಬಾವಿಯೊಡನೆ ತೂಗಿದಂತಾಯಿತು. ‘ಬಾವಿಯ ನೀರಿಗಿಂತ’ ಎನ್ನುವುದೇ ಸಾಧು. ಆದರೂ ಬಾವಿಯನ್ನು ಯಾರೂ ಸಿಹಿಯೆಂದು ನೆಕ್ಕುವುದಿಲ್ಲವಾದುದರಿಂದ ಆಡುಮಾತಿನಲ್ಲಿ ಇದು ಕ್ಷಮ್ಯ. ‘ಅವನು ತಮ್ಮನಿಗಿಂತ ಮಗನನ್ನು ಹೆಚ್ಚು ಪ್ರೀತಿಸುತ್ತಾನೆ’ ಎಂಬುದು ಹಾಗಲ್ಲ. ‘ಗಿಂತ’ ಬಂದೊಡನೆ ತಮ್ಮನು ಪ್ರೀತಿಸುವವನೋ ಪ್ರೀತಿಸಲ್ಪಡುವವನೋ ಎಂಬ ಗುರುತು ಅಳಿಸಿಹೋಗುವುದು. ‘ತಮ್ಮನು ಪ್ರೀತಿಸುವುದಕ್ಕಿಂತ’ ಅಥವಾ ‘ತಮ್ಮನನ್ನು ಪ್ರೀತಿಸುವುದಕ್ಕಿಂತ’ ಎಂದು ಕ್ರಿಯೆಯನ್ನು ಮರಳಿ ಕರೆತಂದಾಗಲೇ ಆ ಗುರುತು ಹಿಂದಿರುಗುವುದು. ಇಲ್ಲಿ ಒಂದು ಪದವನ್ನು ಉಳಿಸುವ ಜಿಪುಣತನವು ತಮ್ಮನಿಗೋ ಮಗನಿಗೋ ಅನ್ಯಾಯ ಮಾಡದೆ ಬಿಡದು.